ಬೆನ್ನಿಗೆ ಗೋಡೆ, ಮುಂದೆ ಕಿವಿ

ಬ್ಲೂಟೂತ್ ಸ್ಪೀಕರ್ ಕೊಂಡು ತಂದವರಲ್ಲಿ ಹೆಚ್ಚಿನವರು ಅದನ್ನು ಮೊದಲು ಇಡುವುದು ಪಡಸಾಲೆಯ ನಡುವಿನ ಟೀಪಾಯ್ ಮೇಲೆ. ಸುತ್ತ ಕೂತ ಎಲ್ಲರಿಗೂ ಸಮನಾಗಿ ಕೇಳಲಿ ಎಂಬುದು ಉದ್ದೇಶ. ಉದ್ದೇಶ ಒಳ್ಳೆಯದೇ, ಆದರೆ ಇಡೀ ಕೋಣೆಯಲ್ಲಿ ಅದಕ್ಕಿಂತ ಕೆಟ್ಟ ಜಾಗ ಹುಡುಕಿದರೂ ಸಿಗಲಿಕ್ಕಿಲ್ಲ. ಅಂಗಡಿಯಲ್ಲಿ ಗಮ್ಮೆಂದು ಕೇಳಿದ್ದ ಸ್ಪೀಕರ್ ಮನೆಗೆ ಬಂದ ಮೇಲೆ ಸೊರಗಿತು ಎನ್ನುವವರು ಬಹಳ ಮಂದಿ. ಅಂಗಡಿಯವನು ಅದನ್ನು ಗೋಡೆಗಂಟಿದ ಹಲಗೆಯ ಮೇಲೆ, ನಿಂತವರ ಮುಖದ ಎತ್ತರಕ್ಕೆ ಇಟ್ಟಿದ್ದ ಎಂಬುದು ಯಾರ ನೆನಪಿನಲ್ಲೂ ಉಳಿದಿರುವುದಿಲ್ಲ.

ಸ್ಪೀಕರ್ ಬಗ್ಗೆ ಬರುವ ದೂರುಗಳು ಮುಖ್ಯವಾಗಿ ಎರಡು. ಬೇಸ್ ತುಂಬಿ ಬರುವುದಿಲ್ಲ ಎಂಬುದು ಒಂದು, ಮಾತು ಬಿಡಿಬಿಡಿಯಾಗಿ ತಿಳಿಯುವುದಿಲ್ಲ ಎಂಬುದು ಇನ್ನೊಂದು. ಎರಡಕ್ಕೂ ಜನ ಹುಡುಕುವ ಮದ್ದು ಒಂದೇ: ವಾಲ್ಯೂಮ್ ಏರಿಸುವುದು. ಆದರೆ ಎರಡರ ಕಾರಣಗಳು ಬೇರೆ ಬೇರೆ, ಮದ್ದೂ ಬೇರೆ. ಬೇಸನ್ನು ಗೋಡೆ ಬೆಳೆಸುತ್ತದೆ. ಮಾತನ್ನು ಸ್ಪೀಕರಿನಿಂದ ಕಿವಿಗೆ ಬರುವ ನೇರ ದಾರಿ ಕಾಯುತ್ತದೆ. ಈ ಎರಡನ್ನೂ ಒಟ್ಟಿಗೆ ಒದಗಿಸುವ ಜಾಗ ಹುಡುಕುವುದೇ ಇಲ್ಲಿಯ ಕೆಲಸ.

ಇದು ಅರ್ಥವಾಗಬೇಕಾದರೆ ಶಬ್ದದ ಅಲೆಯ ಉದ್ದ ಗೊತ್ತಿರಬೇಕು. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತದೆ. ಸೆಕೆಂಡಿಗೆ 100 ಸಲ ಕಂಪಿಸುವ, ಅಂದರೆ 100 ಹರ್ಟ್ಸ್‌ನ ತಗ್ಗು ಸ್ವರದ ಒಂದು ಅಲೆ ಹನ್ನೊಂದು ಅಡಿಗಿಂತ ಉದ್ದ. ಅದು ಒಂದು ಸಾಧಾರಣ ಕೋಣೆಯಷ್ಟಾಯಿತು. 10,000 ಹರ್ಟ್ಸ್‌ನ ತಾರಸ್ವರದ ಅಲೆಯಾದರೋ ಒಂದೂವರೆ ಇಂಚೂ ಇಲ್ಲ. ನಮ್ಮ ಸ್ಪೀಕರಿನ ಮೈ ಅಂಗೈಯಷ್ಟು. ಅದಕ್ಕಿಂತ ಎಷ್ಟೋ ದೊಡ್ಡದಾದ ಬೇಸ್ ಅಲೆಗೆ ಸ್ಪೀಕರಿನ ಮುಖ ಯಾವುದು, ಬೆನ್ನು ಯಾವುದು ಎಂಬ ಭೇದವೇ ಇಲ್ಲ. ಅದು ಎಲ್ಲ ದಿಕ್ಕಿಗೂ ಹರಡಿಕೊಳ್ಳುತ್ತದೆ. ಸಣ್ಣ ಅಲೆಗಳು ಮಾತ್ರ ಮುಖವಿದ್ದ ಕಡೆಗೇ ನೆಟ್ಟಗೆ ಹೊರಡುತ್ತವೆ. ನಡುವೆ ಸೋಫಾದ ಬೆನ್ನೋ ಹೂದಾನಿಯೋ ಬಂದರೆ ಅಲ್ಲಿಗೇ ನಿಂತುಬಿಡುತ್ತವೆ.

ಬಯಲಿನಲ್ಲಿ ಇಟ್ಟ ಸ್ಪೀಕರಿನ ಬೇಸ್ ಸುತ್ತಲೂ ಚದುರಿ ಹೋಗುತ್ತದೆ. ಬೆನ್ನ ಹಿಂದೆ ಒಂದು ಗಟ್ಟಿ ಗೋಡೆ ಬಂದರೆ ಹಿಂದಕ್ಕೆ ಹೋಗುತ್ತಿದ್ದ ಅಲೆ ತಿರುಗಿ ಮುಂದಕ್ಕೆ ಬಂದು, ಮುಂದೆ ಹೋಗುತ್ತಿರುವ ಅಲೆಯ ಜೊತೆ ಸೇರುತ್ತದೆ. ಲೆಕ್ಕದ ಪ್ರಕಾರ ಹೀಗೆ ಒಂದು ಗೋಡೆಯಿಂದ ಸಿಗಬಹುದಾದ ಲಾಭ ಹೆಚ್ಚೆಂದರೆ 6 ಡೆಸಿಬೆಲ್. ನಿಜವಾದ ಕೋಣೆಯಲ್ಲಿ ಅದಕ್ಕಿಂತ ಕಡಿಮೆಯೇ ಸಿಗುತ್ತದೆ. ಆದರೂ 3 ಡೆಸಿಬೆಲ್ ಹೆಚ್ಚಿಸಲು ಸ್ಪೀಕರ್ ತನ್ನ ಶಕ್ತಿಯನ್ನು ಎರಡು ಪಟ್ಟು ಮಾಡಬೇಕು, 6 ಡೆಸಿಬೆಲ್‌ಗೆ ನಾಲ್ಕು ಪಟ್ಟು ಎಂಬುದನ್ನು ನೆನೆದರೆ, ಗೋಡೆ ಪುಕ್ಕಟೆಯಾಗಿ ಕೊಡುವುದು ಎಷ್ಟೆಂದು ತಿಳಿಯುತ್ತದೆ. ಬ್ಯಾಟರಿಯಿಂದ ನಡೆಯುವ ಸ್ಪೀಕರಿಗೆ ಇದು ಇನ್ನೂ ದೊಡ್ಡ ಮಾತು. ವಾಲ್ಯೂಮ್ ಬಹಳ ಏರಿಸಿದಾಗ ಒಳಗಿನ ಪುಟ್ಟ ಕೋನ್ ಹರಿಯದಿರಲೆಂದು ಇಂಥ ಬಹಳಷ್ಟು ಸ್ಪೀಕರುಗಳು ತಾವೇ ಬೇಸನ್ನು ಇಳಿಸಿಕೊಳ್ಳುತ್ತವೆ. ಬೇಸ್ ಬೇಕೆಂದು ವಾಲ್ಯೂಮ್ ಏರಿಸಿದವರಿಗೆ ಕೀರಲು ಸದ್ದು ಸಿಗುವುದು ಇದೇ ಕಾರಣಕ್ಕೆ. ಗೋಡೆಯ ಸಹಾಯ ಪಡೆದು ವಾಲ್ಯೂಮನ್ನು ಅರ್ಧಕ್ಕಿಟ್ಟರೆ ಅದೇ ಸ್ಪೀಕರ್ ಎರಡರಷ್ಟು ದೊಡ್ಡದಾಗಿ ಕೇಳುತ್ತದೆ.

ಹಾಗಾದರೆ ಗೋಡೆಗೆ ಎಷ್ಟು ಹತ್ತಿರ? 'ಸ್ವಲ್ಪ ಹತ್ತಿರ' ಎಂದು ಹೇಳಿ ಬಿಡುವಂತಿಲ್ಲ. ಅರ್ಧಂಬರ್ಧ ಹತ್ತಿರ ಇಡುವುದು ದೂರ ಇಡುವುದಕ್ಕಿಂತ ಕೆಟ್ಟದಾಗಬಹುದು. ಹಿಂದಕ್ಕೆ ಹೋದ ಅಲೆ ಗೋಡೆ ಮುಟ್ಟಿ ಮರಳಿ ಬರುವಷ್ಟರಲ್ಲಿ ಅರ್ಧ ಅಲೆಯಷ್ಟು ತಡವಾಗಿದ್ದರೆ, ಮುಂದಿನ ಅಲೆ ಉಬ್ಬುವ ಹೊತ್ತಿಗೆ ಇದು ತಗ್ಗುತ್ತಿರುತ್ತದೆ. ಎರಡೂ ಒಂದನ್ನೊಂದು ಅಳಿಸುತ್ತವೆ. ಹೋಗಿಬರುವ ದಾರಿ ಅರ್ಧ ಅಲೆ ಎಂದರೆ ಗೋಡೆಯ ದೂರ ಕಾಲು ಅಲೆ.

ಇದನ್ನು ಒಂದು ಹಾಡಿಗೆ ಹಚ್ಚಿ ನೋಡೋಣ. ಹಾರ್ಮೋನಿಯಂನ ಬಿಳಿ ಒಂದಕ್ಕೆ ಷಡ್ಜ ಇಟ್ಟುಕೊಂಡು ಹಾಡುವ ಗಂಡು ದನಿಯ ಮಧ್ಯ ಷಡ್ಜ ಸುಮಾರು 131 ಹರ್ಟ್ಸ್. ಅದರ ಅಲೆ 2.63 ಮೀಟರ್, ಕಾಲು ಅಲೆ 66 ಸೆಂಟಿಮೀಟರ್. ಅಂದರೆ ಸ್ಪೀಕರಿನ ಮುಖ ಗೋಡೆಯಿಂದ ಎರಡು ಅಡಿ ಎರಡು ಇಂಚು ಮುಂದಿದ್ದರೆ ಸೊರಗುವುದು ಗಾಯಕ ಮರಮರಳಿ ಬಂದು ನಿಲ್ಲುವ ಆ ಷಡ್ಜವೇ. ಪೂರ್ತಿ ಮಾಯವಾಗುವುದಿಲ್ಲ. ಕೋಣೆಯ ಉಳಿದ ಗೋಡೆಗಳಿಂದ ಬರುವ ಸದ್ದು ಅಷ್ಟಿಷ್ಟು ತುಂಬುತ್ತದೆ, ಮೇಲಿನ ಅನುಸ್ವರಗಳೂ ಉಳಿದಿರುತ್ತವೆ. ಆದರೆ ದನಿಯಲ್ಲಿ ಎದೆಯ ಭಾರ ಇಲ್ಲವಾಗಿ, ಗಂಟಲಿನಿಂದಷ್ಟೇ ಹಾಡಿದ ಹಾಗೆ ಕೇಳುತ್ತದೆ. ನಮ್ಮ ಮನೆಗಳಲ್ಲಿ ಮೇಜಿನ ಮುಂಭಾಗ ಗೋಡೆಯಿಂದ ಎಷ್ಟು ದೂರ ಇರುತ್ತದೆ ಎಂದು ಒಮ್ಮೆ ಟೇಪು ಹಿಡಿದು ನೋಡಿ. ಹೆಚ್ಚುಕಡಿಮೆ ಎರಡು ಅಡಿ.

ಗೋಡೆಯ ಹತ್ತಿರ ಸರಿಸಿದಂತೆ ಈ ತಗ್ಗು ಮೇಲಿನ ಸ್ವರಗಳ ಕಡೆ ಹೋಗುತ್ತದೆ. ಸ್ಪೀಕರಿನ ಮುಖ ಗೋಡೆಯಿಂದ 10 ಸೆಂಟಿಮೀಟರ್, ಅಂದರೆ ನಾಲ್ಕು ಇಂಚಿಗೆ ಬಂದಾಗ ಅದು 860 ಹರ್ಟ್ಸ್ ಆಸುಪಾಸಿಗೆ ಹೋಗಿರುತ್ತದೆ. ಮುಂದಕ್ಕೆ ಮಾತ್ರ ಮುಖವಿರುವ ಡಬ್ಬಿಯಂಥ ಸ್ಪೀಕರುಗಳಲ್ಲಿ ಆ ಸ್ವರಗಳು ಹಿಂದಕ್ಕೆ ಹೋಗುವುದು ಕಡಿಮೆ, ಹಾಗಾಗಿ ಹಾನಿಯೂ ಕಡಿಮೆ. ಬೇಸ್ ಪೂರ್ತಿ ಗಟ್ಟಿಯಾಗಿರುತ್ತದೆ. ಸುತ್ತಲೂ ಸದ್ದು ಬಿಡುವ ದುಂಡನೆಯ ಸ್ಪೀಕರುಗಳ ಕಥೆ ಬೇರೆ. ಅವು ಹಿಂದಕ್ಕೂ ಮಾತನ್ನು ಎಸೆಯುತ್ತವೆ, ಅದು ಗೋಡೆಗೆ ಬಡಿದು ಬಂದು ಮಾತನ್ನೇ ಕಲಕುತ್ತದೆ. ಇಂಥದ್ದಕ್ಕೆ ಸುಲಭದ ಉಪಾಯವೊಂದಿದೆ. ಹಿಂದಿನ ಗೋಡೆಯ ಮೇಲೆ ದಪ್ಪನೆಯ, ನೆರಿಗೆ ಬಿದ್ದ ಪರದೆ ಇರುವ ಕಡೆ ಇಟ್ಟರೆ ಬಟ್ಟೆ ಮೇಲಿನ ಸ್ವರಗಳನ್ನು ಒಂದಷ್ಟು ಹೀರಿಕೊಳ್ಳುತ್ತದೆ. ಬೇಸ್ ಅಲೆಗೆ ಬಟ್ಟೆ ಲೆಕ್ಕಕ್ಕೇ ಇಲ್ಲ, ಅದು ದಾಟಿಹೋಗಿ ಗೋಡೆಯ ಲಾಭ ತಂದೇ ತರುತ್ತದೆ. ಪರದೆಯ ಹಿಂದೆ ತೆರೆದ ಕಿಟಕಿ ಇರಬಾರದು ಅಷ್ಟೆ. ಕಿಟಕಿಯಿಂದ ಬೇಸ್ ಬೀದಿಗೆ ಹೋಗುತ್ತದೆ.

ಗೋಡೆಗೆ ಪೂರ್ತಿ ಒತ್ತಿ ಇಡುವುದೂ ಬೇಡ. ಅನೇಕ ಸ್ಪೀಕರುಗಳ ಬೆನ್ನಿಗೋ ಎರಡು ತುದಿಗೋ ತೆಳು ರಬ್ಬರಿನ ತಟ್ಟೆಗಳಿರುತ್ತವೆ. ಹಾಡು ಹಚ್ಚಿದಾಗ ಅವು ಒಳಗೂ ಹೊರಗೂ ಕುಣಿಯುವುದು ಕಣ್ಣಿಗೇ ಕಾಣುತ್ತದೆ. ಬೇಸಿನ ಬಹುಭಾಗ ಬರುವುದು ಅವುಗಳಿಂದ. ಅವಕ್ಕೆ ಗೋಡೆ ತಾಗಿದರೆ ಉಸಿರು ಕಟ್ಟಿದಂತೆ. ಎರಡು ಇಂಚು ಜಾಗ ಬಿಟ್ಟರೆ ಸಾಕು. ತುದಿಯಲ್ಲಿ ಇಂಥ ತಟ್ಟೆ ಇರುವುದನ್ನು ಕೆಳಗೆ ಕಾಲಿಲ್ಲದೆ ನಿಲ್ಲಿಸಲೂಬಾರದು, ಅಡ್ಡ ಮಲಗಿಸಬೇಕು.

ಒಂದು ಗೋಡೆಗೇ ಇಷ್ಟು ಲಾಭವಾದರೆ ಮೂಲೆಯಲ್ಲಿ? ಎರಡು ಗೋಡೆ ಮತ್ತು ನೆಲ ಸೇರುವ ಮೂಲೆ ಬೇಸಿಗೆ ಎಲ್ಲಕ್ಕಿಂತ ಹೆಚ್ಚು ಬಲ ಕೊಡುವ ಜಾಗ. ಅಮೆರಿಕದ ಅರ್ಕಾನ್ಸಾ ರಾಜ್ಯದ ಹೋಪ್ ಎಂಬ ಊರಿನಲ್ಲಿ ಪಾಲ್ ಕ್ಲಿಪ್ಷ್ ಎಂಬ ಎಂಜಿನಿಯರ್ 1940ರ ದಶಕದಲ್ಲಿ ಈ ಸಂಗತಿಯ ಮೇಲೆಯೇ ಒಂದು ಸ್ಪೀಕರ್ ಕಟ್ಟಿದ. ಕೋಣೆಯ ಮೂಲೆಯ ಎರಡು ಗೋಡೆಗಳೇ ಅದರ ಕಹಳೆಯ ಕೊನೆಯ ಭಾಗ. ಮೂಲೆಯಿಲ್ಲದೆ ಆ ಸ್ಪೀಕರ್ ಅಪೂರ್ಣ. ಆದರೆ ಅದನ್ನು ಮೂಲೆಗೆಂದೇ ಅಳೆದು ಮಾಡಲಾಗಿತ್ತು. ನಮ್ಮ ಕೈಯಲ್ಲಿರುವ ಸ್ಪೀಕರನ್ನು ಬಯಲು, ಮೇಜು, ಸ್ನಾನದಮನೆ ಎಲ್ಲಕ್ಕೂ ಸಲ್ಲಲಿ ಎಂದು ಮಾಡಿರುತ್ತಾರೆ. ತಯಾರಕರು ಅದರಲ್ಲಿ ಮೊದಲೇ ಬೇಸ್ ಉಬ್ಬಿಸಿಟ್ಟಿರುವುದೂ ಉಂಟು. ಅದನ್ನು ಮೂಲೆಗೆ ತುರುಕಿದರೆ ಬೇಸ್ ಬರುವುದೇನೋ ಬರುತ್ತದೆ, ಮಾತು ಮಾತ್ರ ಕೊಡದೊಳಗೆ ಮುಖವಿಟ್ಟು ಆಡಿದಂತಾಗುತ್ತದೆ. ತಗ್ಗು ಸ್ವರ ಜೋರಾದಾಗ ಅದಕ್ಕಿಂತ ಮೇಲಿನ ಮೆಲು ಸ್ವರಗಳನ್ನು ಕಿವಿ ಹಿಡಿಯಲಾರದು. ವ್ಯಂಜನಗಳು ಮುಳುಗುವುದು ಹೀಗೆ.

ಮೂಲೆಯ ಲಾಭ ಬೇಕು, ಗದ್ದಲ ಬೇಡ ಎನ್ನುವವರು ಹಿಂದಿನ ಗೋಡೆಗೆ ಹತ್ತಿರವೇ ಇಟ್ಟು ಪಕ್ಕದ ಗೋಡೆಯಿಂದ ಒಂದೂವರೆ ಅಡಿ ಸರಿಸಿ ನೋಡಬೇಕು. ಇಲ್ಲಿ ಗಮನಿಸಬೇಕಾದ್ದು ಇಷ್ಟೇ: ಹಿಂದಿನ ಗೋಡೆ, ಪಕ್ಕದ ಗೋಡೆ, ನೆಲ ಈ ಮೂರರಿಂದ ಸ್ಪೀಕರಿಗಿರುವ ದೂರ ಒಂದೇ ಆಗಬಾರದು. ಮೂರೂ ಎರಡೆರಡು ಅಡಿಯಾದರೆ ಮೂರೂ ಕಡೆಯಿಂದ ಹೆಚ್ಚುಕಡಿಮೆ ಒಂದೇ ಸ್ವರ ಅಳಿಯುತ್ತದೆ. ನಾಲ್ಕು ಇಂಚು, ಒಂದೂವರೆ ಅಡಿ, ಮೂರೂಕಾಲು ಅಡಿ ಎಂದಾದರೆ ಮೂರು ಸಣ್ಣ ತಗ್ಗುಗಳು ಬೇರೆ ಬೇರೆ ಕಡೆ ಬಿದ್ದು, ಒಂದೂ ಕಿವಿಗೆ ದೊಡ್ಡದಾಗಿ ತಟ್ಟುವುದಿಲ್ಲ. ರಾಯ್ ಆಲಿಸನ್ ಎಂಬ ಅಮೆರಿಕದ ಸ್ಪೀಕರ್ ವಿನ್ಯಾಸಕ ಗೋಡೆ ಮತ್ತು ನೆಲ ಸ್ಪೀಕರಿನ ಬೇಸನ್ನು ಹೇಗೆ ಏರಿಳಿಸುತ್ತವೆ ಎಂದು 1974ರಲ್ಲಿ ಬರೆದ ಪ್ರಬಂಧವನ್ನು ಈ ವಿದ್ಯೆಯವರು ಇಂದಿಗೂ ಓದುತ್ತಾರೆ.

ಈಗ ಮಾತಿನ ಕಡೆ ಬರೋಣ. ಮಾತಿಗೆ ಬಲ ಕೊಡುವುದು ಸ್ವರಾಕ್ಷರಗಳು, ಅರ್ಥ ಬಿಡಿಸುವುದು ವ್ಯಂಜನಗಳು. ಸ, ಶ, ತ, ಕ ಮುಂತಾದವುಗಳ ಗುರುತು ಬಹಳಮಟ್ಟಿಗೆ 2,000ದಿಂದ 8,000 ಹರ್ಟ್ಸ್ ನಡುವೆ ಇರುತ್ತದೆ. ಅಲ್ಲಿ ಅಲೆ ಸುಮಾರು ಏಳು ಇಂಚಿನಿಂದ ಒಂದೂಮುಕ್ಕಾಲು ಇಂಚಿನಷ್ಟು ಮಾತ್ರ. ಆದ್ದರಿಂದ ಇಂಚುಗಳ ಲೆಕ್ಕ ಇಲ್ಲಿ ಮುಖ್ಯವಾಗುತ್ತದೆ.

ಟೀಪಾಯ್ ಮೇಲೆ, ಅಥವಾ ಅಗಲ ಮೇಜಿನ ಹಿಂಭಾಗದಲ್ಲಿ ಇಟ್ಟ ಸ್ಪೀಕರನ್ನು ಯೋಚಿಸಿ. ಸ್ಪೀಕರಿನ ಮುಖದ ನಡುಭಾಗ ಹಲಗೆಯಿಂದ 8 ಸೆಂಟಿಮೀಟರ್ ಮೇಲಿದೆ, ನಿಮ್ಮ ಕಿವಿ ಹಲಗೆಯ ಮಟ್ಟಕ್ಕಿಂತ ಅರ್ಧ ಮೀಟರ್ ಎತ್ತರದಲ್ಲಿ, ಎರಡು ಮೀಟರ್ ದೂರದಲ್ಲಿದೆ ಎನ್ನೋಣ. ನೇರ ಬಂದ ಸದ್ದಿನ ಜೊತೆ ಹಲಗೆಗೆ ಬಡಿದು ಪುಟಿದ ಸದ್ದೂ ಕಿವಿ ತಲುಪುತ್ತದೆ. ಅದರ ದಾರಿ ಸುಮಾರು 4 ಸೆಂಟಿಮೀಟರ್ ಹೆಚ್ಚು. ಅಷ್ಟು ಸಾಕು, 4,300 ಹರ್ಟ್ಸ್ ಆಸುಪಾಸಿನಲ್ಲಿ ಎರಡೂ ಪರಸ್ಪರ ಅಳಿಸುತ್ತವೆ. ವ್ಯಂಜನಗಳ ನಡುಮನೆಗೇ ಕನ್ನ ಬಿದ್ದಂತಾಯಿತು. ಆ ಸದ್ದು ಪುಟಿಯುವ ಜಾಗ ಸ್ಪೀಕರಿನಿಂದ ಸುಮಾರು 28 ಸೆಂಟಿಮೀಟರ್ ಮುಂದೆ ಇರುತ್ತದೆ. ಅಲ್ಲಿ ಹಲಗೆಯೇ ಇಲ್ಲದಿದ್ದರೆ? ಸ್ಪೀಕರನ್ನು ಹಲಗೆಯ ಅಂಚಿಗೆ, ಮುಖ ಅಂಚಿನ ಮಟ್ಟಕ್ಕೆ ಬರುವಂತೆ ತಂದಿಟ್ಟರೆ ಪುಟಿತವೇ ಇಲ್ಲವಾಗುತ್ತದೆ. ಒಂದಡಿ ಎಳೆದುಕೊಂಡದ್ದರಿಂದ ಮಾತು ಇಷ್ಟು ಬಿಡಿಸಿಕೊಳ್ಳುತ್ತದೆಯೇ ಎಂದು ಅನುಮಾನವಿದ್ದರೆ ಈಗಲೇ ಮಾಡಿ ನೋಡಬಹುದು. ಅಂಚಿಗೆ ತರಲಾಗದಿದ್ದರೆ ಮುಂದಿನ ಹಲಗೆಯ ಮೇಲೆ ಮಡಿಸಿದ ಟವೆಲ್ ಹಾಸಿದರೂ ಅಷ್ಟೋ ಇಷ್ಟೋ ಉಪಕಾರವಾಗುತ್ತದೆ.

ಎತ್ತರದ ಲೆಕ್ಕ ಇದರಿಂದಲೇ ಹುಟ್ಟುತ್ತದೆ. ಸ್ಪೀಕರಿನ ಮುಖ ಕೂತವರ ಕಿವಿಯ ಮಟ್ಟಕ್ಕೆ ಇರಬೇಕು. ಕುರ್ಚಿ ಅಥವಾ ಸೋಫಾದಲ್ಲಿ ಕೂತವರಿಗೆ ಅದು ನೆಲದಿಂದ ಮೂರರಿಂದ ಮೂರೂವರೆ ಅಡಿ. ಚಾಪೆಯ ಮೇಲೆ ಕೂರುವ ಮನೆಯಾದರೆ ಎರಡೂವರೆ ಅಡಿಯೊಳಗೆ. ಅಷ್ಟು ಎತ್ತರದ ಜಾಗ ಸಿಗದೆ ತಗ್ಗಿನಲ್ಲೇ ಇಡಬೇಕಾಗಿ ಬಂದರೆ ಸ್ಪೀಕರಿನ ಮುಂಭಾಗದ ಕೆಳಗೆ ಒಂದು ಪುಸ್ತಕವನ್ನೋ ರಬ್ಬರಿನ ತುಂಡನ್ನೋ ಕೊಟ್ಟು ಮುಖ ಮೇಲಕ್ಕೆ ವಾಲಿಸಬೇಕು. ಅಟ್ಟದ ಮೇಲೋ ಕಪಾಟಿನ ನೆತ್ತಿಯ ಮೇಲೋ ಇಡುವವರಿದ್ದಾರೆ. ಅಲ್ಲಿ ತಾರಸಿ ಮತ್ತು ಗೋಡೆ ಸೇರಿ ಇನ್ನೊಂದು ಮೂಲೆಯಾಗುತ್ತದೆ, ಬೇಸ್ ಸಿಗುತ್ತದೆ. ಆದರೆ ಮಾತು ಎಲ್ಲರ ತಲೆಯ ಮೇಲಿಂದ ಹಾದು ಎದುರು ಗೋಡೆಗೆ ಹೋಗುತ್ತದೆ.

ಎತ್ತರದಷ್ಟೇ ದೂರವೂ ಮುಖ್ಯ. ನುಣುಪು ಟೈಲ್ಸ್, ಬರಿಯ ಗೋಡೆ, ಕಾಂಕ್ರೀಟ್ ತಾರಸಿ ಇರುವ ಹತ್ತು-ಹನ್ನೆರಡು ಅಡಿಯ ಕೋಣೆಯಲ್ಲಿ ಸ್ಪೀಕರಿನಿಂದ ಎರಡೂವರೆ ಅಡಿ ದಾಟಿದರೆ ಸಾಕು, ನೇರ ಬರುವ ಸದ್ದಿಗಿಂತ ಗೋಡೆಗಳಿಂದ ತಿರುಗಿ ಬರುವ ಸದ್ದೇ ಹೆಚ್ಚಾಗಿರುತ್ತದೆ. ಅಷ್ಟು ಹತ್ತಿರ ಕೂತು ಕೇಳಲು ಯಾರಿಗೂ ಆಗದು. ಆದರೆ ಒಂಬತ್ತು ಅಡಿ ಆಚೆಯ ಟಿವಿ ಸ್ಟ್ಯಾಂಡಿಗಿಂತ ಪಕ್ಕದ ಗೋಡೆಯಲ್ಲಿ ಐದು ಅಡಿ ದೂರದ ಹಲಗೆ ಮಾತಿಗೆ ಎಷ್ಟೋ ಮೇಲು. ಒಂದೇ ಸ್ಪೀಕರ್ ಇರುವಾಗ ಅದು ಎದುರಿಗೇ ಇರಬೇಕೆಂಬ ನಿಯಮವೇನಿಲ್ಲ.

ಧಾರವಾಡದ ನಮ್ಮ ಕಾಕಾನ ಕೋಣೆಯಲ್ಲಿ ಈ ಲೆಕ್ಕವೆಲ್ಲ ಒಂದೇ ಕಡೆ ಸೇರಿತ್ತು. ಹಳೆಯ ಕಾಲದ ದಪ್ಪ ಗೋಡೆಯ ಮನೆ. ಗೋಡೆಯಲ್ಲಿ ಒಂದಡಿ ಆಳದ ಮಾಡ. ಕಾಕಾ ಬೆಳಿಗ್ಗೆ ಆಕಾಶವಾಣಿಯ ವಾರ್ತೆ, ಸಂಜೆ ಭೀಮಸೇನ ಜೋಶಿಯವರ ಅಭಂಗ, ದಾಸವಾಣಿ ಕೇಳುವವನು. ಸ್ಪೀಕರ್ ಇದ್ದದ್ದು ಬರೆಯುವ ಮೇಜಿನ ಮುಂಭಾಗದಲ್ಲಿ, ಕೈಗೆ ಸಿಗಲಿ ಎಂದು.

"ತಮ್ಮಾ, ಹಾಡು ಕೇಳಸ್ತದ ಖರೆ. ಆದ್ರ ಡಗ್ಗಾಕ್ಕ ಜೀವಾನ ಇಲ್ಲ ನೋಡು" ಎಂದ.

ಮೇಜಿನ ಅಂಚಿನಲ್ಲಿದ್ದುದರಿಂದ ಮಾತು ಚೊಕ್ಕವಾಗಿತ್ತು. ಗೋಡೆಯಿಂದ ಎರಡು ಅಡಿಯ ಮೇಲಿದ್ದುದರಿಂದ ಡಗ್ಗಾ, ಜೊತೆಗೆ ಗಾಯಕನ ಕೆಳಗಿನ ಸ್ವರಗಳು ಸೊರಗಿದ್ದವು. ಯಾರೋ ಹೇಳಿದರೆಂದು ಕಾಕಾ ಮರುದಿನ ತಾನೇ ಸ್ಪೀಕರನ್ನು ಎತ್ತಿ ಮಾಡದೊಳಗೆ, ಹಿಂದಕ್ಕೆ ಆತು ನಿಲ್ಲುವಂತೆ ಇಟ್ಟ. ಡಗ್ಗಾ ಬಂತು. ಬೆಳಿಗ್ಗೆ ಇನ್ನೊಂದು ತಕರಾರು: "ವಾರ್ತಾ ಓದಾಂವ ಏನ್ ಹೇಳಾಕತ್ತಾನ ತಿಳೀವಲ್ತು."

ಮಾಡದಂಥ ಗೂಡಿಗೆ ತನ್ನದೇ ಒಂದು ಸ್ವರ ಇರುತ್ತದೆ. ಒಂದಡಿ ಆಳದ ಗೂಡು 250ರಿಂದ 300 ಹರ್ಟ್ಸ್ ಸುತ್ತಮುತ್ತ ತಾನೇ ಗುಂಯ್‌ಗುಡುತ್ತದೆ. ಆ ಜಾಗದ ಸ್ವರ ಉಬ್ಬಿದರೆ ಯಾರ ಮಾತಾದರೂ ಮಂಕಾಗುತ್ತದೆ. ಪುಸ್ತಕದ ಕಪಾಟು, ಶೋಕೇಸಿನ ಖಾನೆ, ಟಿವಿ ಸ್ಟ್ಯಾಂಡಿನ ಪೊಟರೆ ಎಲ್ಲಕ್ಕೂ ಇದೇ ಕಾಯಿಲೆ.

"ಕಾಕಾ, ಸ್ಪೀಕರ್ ಒಂಚೂರು ಮುಂದ ಎಳೀಲೇನ್ರಿ?" ಎಂದು ಕೇಳಿ, ಅದರ ಮುಖ ಗೋಡೆಯ ಮುಖಕ್ಕೆ ಸಮನಾಗಿ ನಿಲ್ಲುವವರೆಗೆ ಎಳೆದೆ. ಎರಡು ಪಕ್ಕದಲ್ಲೂ ಹಿಂದೆಯೂ ಉಳಿದ ಖಾಲಿ ಜಾಗಕ್ಕೆ ಹಳೆಯ ಚಾದರವನ್ನು ಮಡಿಸಿ ತುಂಬಿದೆ, ಬೆನ್ನಿನ ರಬ್ಬರ್ ತಟ್ಟೆಗೆ ತಾಗದಂತೆ ಮಾತ್ರ ಒಂದಿಷ್ಟು ಬಿಟ್ಟು. ಗುಂಯ್‌ಗುಡುವುದು ಇಳಿಯಿತು. ಡಗ್ಗಾ ಹಾಗೇ ಉಳಿಯಿತು. ದೊಡ್ಡ ರೆಕಾರ್ಡಿಂಗ್ ಸ್ಟುಡಿಯೋಗಳಲ್ಲಿ ಸ್ಪೀಕರುಗಳನ್ನು ಗೋಡೆಯೊಳಗೆ ಹೂತು, ಮುಖವನ್ನು ಗೋಡೆಗೆ ಸಮಮಾಡಿ ಕೂರಿಸುವುದು ಇದೇ ತತ್ತ್ವದಿಂದ. ಮುಖವೇ ಗೋಡೆಯ ಮಟ್ಟದಲ್ಲಿದ್ದರೆ ಹಿಂದಕ್ಕೆ ಹೋಗಿ ತಡವಾಗಿ ಮರಳುವ ಅಲೆಯೇ ಇರುವುದಿಲ್ಲ, ಆ ಗೋಡೆಯಿಂದ ಅಳಿಯುವ ಸ್ವರವೂ ಇಲ್ಲ. ಹಳೆಯ ಮನೆಯ ಮಾಡ ಹೊಸ ಫ್ಲ್ಯಾಟಿನ ಶೋಕೇಸಿಗಿಂತ ಒಳ್ಳೆಯ ಸ್ಪೀಕರ್ ಗೂಡು ಎಂಬುದು ನನ್ನ ಅಭಿಪ್ರಾಯ. ಒಂದೇ ಷರತ್ತು, ಬಾಯಿಗೆ ತಂದಿಡಬೇಕು.

ಉಳಿದದ್ದು ಕಾಕಾನ ಕುರ್ಚಿ. ಅದು ಕೋಣೆಯ ನಟ್ಟನಡುವೆ, ಫ್ಯಾನಿನ ಕೆಳಗೆ ಇತ್ತು. ಎದುರುಬದುರು ಗೋಡೆಗಳ ನಡುವೆ ಓಡಾಡುವ ಬೇಸ್ ಅಲೆಗಳು ಕೋಣೆಯ ಅಳತೆಗೆ ತಕ್ಕ ಕೆಲವು ಸ್ವರಗಳಲ್ಲಿ ನಿಂತ ಅಲೆಗಳಾಗುತ್ತವೆ. ಹನ್ನೆರಡು ಅಡಿ ಉದ್ದಕ್ಕೆ ಮೊದಲನೆಯದು 47 ಹರ್ಟ್ಸ್, ಹತ್ತು ಅಡಿ ಅಗಲಕ್ಕೆ 56, ಎರಡೂ ಕೂಡಿದ ಇನ್ನೊಂದು 73. ಈ ಮೂರೂ ಗೋಡೆಯ ಬಳಿ ಜೋರು. ಕೋಣೆಯ ನಡುವಿನಲ್ಲಿ 47 ಮತ್ತು 56 ಇಲ್ಲವೆನ್ನುವಷ್ಟು ಕ್ಷೀಣ. ಪುಟ್ಟ ಸ್ಪೀಕರುಗಳು 60-70 ಹರ್ಟ್ಸ್‌ಗಿಂತ ಕೆಳಗೆ ಹೇಗೂ ಹೆಚ್ಚು ಕೊಡಲಾರವು, ಹಾಗಾಗಿ ಇದನ್ನು ಬಹಳ ತಲೆಗೆ ಹಚ್ಚಿಕೊಳ್ಳಬೇಕಿಲ್ಲ. ಆದರೂ ಕುರ್ಚಿಯನ್ನು ಎರಡು ಅಡಿ ಹಿಂದಕ್ಕೆ ಹಾಕಿದಾಗ ಬೇಸ್ ಇನ್ನಷ್ಟು ಮೈದುಂಬಿತು. ಫ್ಯಾನಿನ ಗಾಳಿ ಕಡಿಮೆಯಾಯಿತೆಂದು ಕಾಕಾ ಬೇಸಿಗೆಯಲ್ಲಿ ಅದನ್ನು ಮತ್ತೆ ನಡುವಿಗೇ ಎಳೆದುಕೊಂಡ. ಅದಕ್ಕೆ ನನ್ನ ಬಳಿ ಉತ್ತರವಿಲ್ಲ.

ಗೋಡೆಯಿಂದ ಏನು ಸಿಗುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಬಿಳಿ ಒಂದರ ತಂಬೂರಿಯ ಖರ್ಜದ ತಂತಿ ಸುಮಾರು 65 ಹರ್ಟ್ಸ್. ಅಂಗೈಯಷ್ಟರ ಸ್ಪೀಕರಿನಲ್ಲಿ ಆ ಮೂಲಸ್ವರ ಹೆಚ್ಚುಕಡಿಮೆ ಇರುವುದೇ ಇಲ್ಲ. ಅದರ ಮೇಲಿನ 130, 195, 260ರ ಅನುಸ್ವರಗಳನ್ನು ಕೇಳಿ ಮಿದುಳು ಕೆಳಗಿನದನ್ನು ತಾನೇ ತುಂಬಿಕೊಳ್ಳುತ್ತದೆ. ಗೋಡೆ ಇರುವುದನ್ನು ಹಿಗ್ಗಿಸುತ್ತದೆ, ಇಲ್ಲದ್ದನ್ನು ತರಲಾರದು. ಸಿನಿಮಾದ ಸಿಡಿಮದ್ದಿನ ಸದ್ದು ಎದೆಗೆ ಬಡಿಯಬೇಕು ಎನ್ನುವವರಿಗೆ ಯಾವ ಮೂಲೆಯೂ ಸಾಲದು. ಗೋಡೆಯ ಗಟ್ಟಿತನವೂ ಲೆಕ್ಕಕ್ಕೆ ಬರುತ್ತದೆ. ಇಟ್ಟಿಗೆ, ಕಲ್ಲು, ಕಾಂಕ್ರೀಟ್ ಗೋಡೆ ಬೇಸನ್ನು ಹಿಂತಿರುಗಿಸುತ್ತವೆ. ಪ್ಲೈವುಡ್ ಅಥವಾ ಜಿಪ್ಸಮ್ ಅಡ್ಡಗೋಡೆ ತಾನೇ ನಡುಗಿ ಒಂದಷ್ಟನ್ನು ನುಂಗುತ್ತದೆ. ಮಾಳಿಗೆಯ ಬಯಲಿನಲ್ಲಿ ಇಡುವಾಗ ಮೂರಡಿಯ ಪ್ಯಾರಪೆಟ್ಟಿಗಿಂತ ಮೆಟ್ಟಿಲ ಕೋಣೆಯ ಪೂರ್ಣ ಗೋಡೆ ಮೇಲು, ಏಕೆಂದರೆ ಹನ್ನೊಂದು ಅಡಿಯ ಅಲೆಗೆ ಮೂರಡಿಯ ಗೋಡೆ ಗಿಡ್ಡದಾಯಿತು.

ನಿಮ್ಮ ಕೋಣೆಯಲ್ಲಿ ಜಾಗ ಹುಡುಕಲು ಟೇಪಿಗಿಂತ ಚುರುಕಾದ ಒಂದು ದಾರಿಯಿದೆ. ಸ್ಪೀಕರಿನ ಜಾಗವನ್ನೂ ಕಿವಿಯ ಜಾಗವನ್ನೂ ಅದಲುಬದಲು ಮಾಡಿದರೆ ಬೇಸಿನ ಮಟ್ಟ ಬದಲಾಗುವುದಿಲ್ಲ ಎಂಬುದು ಧ್ವನಿವಿಜ್ಞಾನದ ಹಳೆಯ ನಿಯಮ. ಆದ್ದರಿಂದ ಸ್ಪೀಕರನ್ನು ನೀವು ಕೂರುವ ಕುರ್ಚಿಯ ಮೇಲೆ, ನಿಮ್ಮ ಕಿವಿ ಇರುವ ಎತ್ತರಕ್ಕೆ ಇಟ್ಟು, ಮೃದಂಗ ಅಥವಾ ಡಗ್ಗಾ ಚೆನ್ನಾಗಿರುವ ಒಂದು ತುಣುಕನ್ನು ಮತ್ತೆ ಮತ್ತೆ ಹಚ್ಚಿಬಿಡಿ. ಆಮೇಲೆ ಸ್ಪೀಕರ್ ಇಡಬಹುದಾದ ಕಡೆಗೆಲ್ಲ, ಅಂದರೆ ಹಲಗೆಯ ಮೇಲೆ, ಸ್ಟೂಲಿನ ಮೇಲೆ, ಮೂಲೆಯ ಹತ್ತಿರ, ನಿಮ್ಮ ತಲೆಯನ್ನೇ ಒಯ್ದು ಕೇಳಿ. ಎಲ್ಲಿ ಪೆಟ್ಟುಗಳೆಲ್ಲ ಸಮನಾಗಿ, ತುಂಬಿ ಕೇಳುತ್ತವೆಯೋ ಅಲ್ಲಿ ಸ್ಪೀಕರ್ ಇಡಿ. ಒಂದೇ ಸ್ವರ ಉಬ್ಬಿ ಗುಡುಗುವ ಜಾಗ ಬೇಡ. ಮನೆಯವರು ನೋಡಿ ನಕ್ಕರೆ ನಗಲಿ. ಈ ಉಪಾಯ ಬೇಸಿಗೆ ಮಾತ್ರ ಸಲ್ಲುತ್ತದೆ.

ಮಾತಿಗೆ ಬೇರೆ ಪರೀಕ್ಷೆ. ವಾರ್ತೆಗಿಂತ ಮನೆಯವರೊಬ್ಬರ ದನಿ ಒಳ್ಳೆಯದು, ಏಕೆಂದರೆ ಅದು ನಿಜದಲ್ಲಿ ಹೇಗಿದೆ ಎಂದು ನಿಮಗೆ ಗೊತ್ತು. ಸಾಲು, ಶಾಲು, ತಟ್ಟೆ, ಕಟ್ಟೆ, ಪಟ್ಟೆ ಮುಂತಾದ ಪದಗಳನ್ನು ಹಿಂದುಮುಂದಾಗಿ ಓದಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಫ್ಯಾನ್ ತಿರುಗುತ್ತಿರಲಿ, ವಾಲ್ಯೂಮ್ ತುಸು ತಗ್ಗಿರಲಿ. ಒಂದು ಜಾಗದಲ್ಲಿ ಸಾಲು-ಶಾಲು ಬೆರೆತು, ಇನ್ನೊಂದು ಜಾಗದಲ್ಲಿ ಬೇರೆಯಾದರೆ ತೀರ್ಮಾನ ಸಿಕ್ಕಂತೆಯೇ. ಹೋಲಿಸುವಾಗ ಎರಡೂ ಜಾಗದ ಜೋರನ್ನು ಸಮಮಾಡಿಕೊಳ್ಳಬೇಕು. ತುಸು ಜೋರಾಗಿ ಕೇಳಿದ್ದೇ ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆ.

ಜಾಗ ಸಿಕ್ಕ ಮೇಲೂ ಟರ್‍ರೆನ್ನುವ ಸದ್ದು ಬಂದರೆ ಸ್ಪೀಕರ್ ಕೆಟ್ಟಿತೆಂದು ಅಂಗಡಿಗೆ ಓಡಬೇಡಿ. ಬೇಸ್ ಹೆಚ್ಚಿದಾಗ ಕಪಾಟಿನ ಗಾಜು, ಅದರೊಳಗಿನ ಸ್ಟೀಲ್ ಲೋಟ, ಗೋಡೆಯ ಫೋಟೋ ನಡುಗುವುದುಂಟು. ಅಂಥ ಸ್ವರ ಬಂದಾಗ ಒಂದೊಂದರ ಮೇಲೂ ಕೈಯಿಟ್ಟು ನೋಡಿ, ಕೈಯಿಟ್ಟಾಗ ಯಾವುದು ಸುಮ್ಮನಾಗುತ್ತದೋ ಅದೇ ಅಪರಾಧಿ. ಸ್ಪೀಕರಿನ ಕೆಳಗೆ ಹಳೆಯ ಹವಾಯಿ ಚಪ್ಪಲಿಯ ರಬ್ಬರಿನಿಂದ ಕತ್ತರಿಸಿದ ನಾಲ್ಕು ತುಂಡು ಇಟ್ಟರೆ ಹಲಗೆಗೆ ನಡುಕ ಇಳಿಯುವುದಿಲ್ಲ, ಗಾಳಿಯಲ್ಲಿ ಬರುವ ಬೇಸೂ ಕಡಿಮೆಯಾಗುವುದಿಲ್ಲ.

ರಾತ್ರಿಯ ವಿಷಯ ಒಂದಿದೆ. ಸದ್ದು ತಗ್ಗಿದಾಗ ನಮ್ಮ ಕಿವಿ ಬೇಸನ್ನು ಉಳಿದ ಸ್ವರಗಳಿಗಿಂತ ಬೇಗ ಕಳೆದುಕೊಳ್ಳುತ್ತದೆ. ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಇದನ್ನು 1933ರಲ್ಲೇ ಅಳೆದು ತೋರಿಸಿದ್ದರು. ಹಗಲು ಹದವಾಗಿದ್ದ ಜಾಗ ರಾತ್ರಿ ಮೆಲ್ಲಗೆ ಕೇಳುವಾಗ ತೆಳುವೆನಿಸುವುದು ಸಹಜ. ಕೈಯಲ್ಲಿ ಎತ್ತಿ ಒಯ್ಯುವಂಥ ಸ್ಪೀಕರ್ ಆದ್ದರಿಂದ ಆಗ ಅದನ್ನು ಒಂದಡಿ ಮೂಲೆಯ ಕಡೆಗೆ ಸರಿಸಿಕೊಂಡರೆ ಆಯಿತು, ಬೆಳಿಗ್ಗೆ ವಾರ್ತೆಯ ಹೊತ್ತಿಗೆ ಹಿಂದಕ್ಕೆ ತರಬಹುದು. ಫ್ಲ್ಯಾಟಿನಲ್ಲಿರುವವರು ಮಾತ್ರ ಪಕ್ಕದ ಮನೆಗೂ ತಮಗೂ ನಡುವಿನ ಗೋಡೆಯನ್ನು ಬಿಟ್ಟು ಹೊರಗೋಡೆಯ ಮೂಲೆಯನ್ನು ಆರಿಸಿಕೊಳ್ಳುವುದು ಒಳ್ಳೆಯದು. ಗೋಡೆ ದಾಟಿ ಹೋಗುವುದು ಹೆಚ್ಚಾಗಿ ಬೇಸೇ, ಹಾಡು ಯಾವುದೆಂದು ತಿಳಿಯದೆ ಬರೀ ಡಗ್ಗಾ ಕೇಳುವ ಪಕ್ಕದ ಮನೆಯವರಿಗೆ ನಿದ್ದೆ ಬರುವುದಿಲ್ಲ.